ಮಾತ್ರೆ ಅಷ್ಟೇ, ರಕ್ತದಲ್ಲಿ ಲಿಥಿಯಂ ದುಪ್ಪಟ್ಟು: ಬೈಪೋಲಾರ್ ಔಷಧಿ ವಿಷವಾಗುವ ಬಗೆ

2025ರ ಆಗಸ್ಟ್‌ನಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಬ್ರೂಸ್ ಯಾಂಕ್ನರ್ ಅವರ ತಂಡದ ಸಂಶೋಧನೆಯೊಂದು ಪ್ರಕಟವಾಯಿತು. ಆಲ್‌ಝೈಮರ್ ಕಾಯಿಲೆ ಆರಂಭವಾಗುವ ಹಂತದಲ್ಲಿ ಮೆದುಳಿನಲ್ಲಿ ಲಿಥಿಯಂ ಕಡಿಮೆಯಾಗಿರುತ್ತದೆ, ಇಲಿಗಳಿಗೆ ಲಿಥಿಯಂ ಓರೊಟೇಟ್ ಎಂಬ ಲವಣವನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟಾಗ ನೆನಪಿನ ಶಕ್ತಿ ಸುಧಾರಿಸಿತು ಎಂಬುದು ಅದರ ತಿರುಳು. ಮನುಷ್ಯರ ಮೇಲೆ ಇನ್ನೂ ಪರೀಕ್ಷೆಯಾಗಬೇಕಾದ ಈ ವಿಷಯ ಸುದ್ದಿಯಾಗಿ ಹರಡುವ ಹೊತ್ತಿಗೆ ‘ಲಿಥಿಯಂ ಒಂದು ನೈಸರ್ಗಿಕ ಖನಿಜ, ಮೆದುಳಿಗೆ ಒಳ್ಳೆಯದು’ ಎಂಬ ಒಂದೇ ಸಾಲಿಗೆ ಇಳಿಯಿತು. ಹಲವು ದೇಶಗಳಲ್ಲಿ ಓರೊಟೇಟ್ ಮಾತ್ರೆಗಳು ವೈದ್ಯರ ಚೀಟಿಯಿಲ್ಲದೆ ಪೂರಕ ಆಹಾರದ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಮಾರಾಟವಾಗುತ್ತಿವೆ.

ಇತ್ತ ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಕಾಡುವ ಬೈಪೋಲಾರ್ ಕಾಯಿಲೆಗೆ ವರ್ಷಗಳಿಂದ ಲಿಥಿಯಂ ನುಂಗುತ್ತಿರುವವರಿಗೆ ವೈದ್ಯರು ಹೇಳುವ ಮಾತು ಬೇರೆಯೇ ಆಗಿದೆ. ರಕ್ತಪರೀಕ್ಷೆ ತಪ್ಪಿಸಬೇಡಿ, ನೋವಿನ ಮಾತ್ರೆಯನ್ನು ಕೇಳದೆ ತೆಗೆದುಕೊಳ್ಳಬೇಡಿ, ಉಪ್ಪನ್ನು ಹಠಾತ್ತಾಗಿ ಬಿಡಬೇಡಿ, ಭೇದಿಯಾದರೆ ತಕ್ಷಣ ತಿಳಿಸಿ ಎಂದು ಅವರು ಎಚ್ಚರಿಸುತ್ತಾರೆ. ಒಂದೇ ವಸ್ತುವನ್ನು ಒಬ್ಬರು ಪೋಷಕಾಂಶದಂತೆಯೂ ಇನ್ನೊಬ್ಬರು ಕತ್ತಿಯ ಅಲಗಿನಂತೆಯೂ ಕಾಣುವುದು ಹೇಗೆ ಎಂದು ಓದುಗರು ಗೊಂದಲಗೊಳ್ಳುವುದು ಸಹಜ. ಪ್ರಮಾಣದಲ್ಲಿರುವ ವ್ಯತ್ಯಾಸ ಈ ಗೊಂದಲಕ್ಕೆ ಒಂದು ಉತ್ತರ. ಓರೊಟೇಟ್ ಪೂರಕದ ಒಂದು ಮಾತ್ರೆಯಲ್ಲಿ ಸಾಮಾನ್ಯವಾಗಿ 5 ಮಿಲಿಗ್ರಾಂ ಶುದ್ಧ ಲಿಥಿಯಂ ಇದ್ದರೆ, ಬೈಪೋಲಾರ್‌ಗೆ ಕೊಡುವ 300 ಮಿಲಿಗ್ರಾಂ ಲಿಥಿಯಂ ಕಾರ್ಬೊನೇಟ್ ಮಾತ್ರೆಯಲ್ಲಿ ಸುಮಾರು 56 ಮಿಲಿಗ್ರಾಂ ಇರುತ್ತದೆ, ಅಂಥ ಎರಡು ಮೂರು ಮಾತ್ರೆಗಳನ್ನು ದಿನವೂ ತೆಗೆದುಕೊಳ್ಳಬೇಕಾಗುತ್ತದೆ. ಆದರೆ ಪ್ರಮಾಣದ ಲೆಕ್ಕವೊಂದನ್ನೇ ಹೇಳಿ ನಿಲ್ಲಿಸಿದರೆ ಮುಖ್ಯ ವಿಷಯವೇ ಬಿಟ್ಟುಹೋಗುತ್ತದೆ. ದೀರ್ಘಕಾಲ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಕಾಣುವ ವಿಷಬಾಧೆಗೆ ಬಹಳ ಸಲ ಹೆಚ್ಚು ಮಾತ್ರೆ ನುಂಗಿದ್ದು ಕಾರಣವಾಗಿರುವುದಿಲ್ಲ. ಮಾತ್ರೆಗಳ ಸಂಖ್ಯೆ ಅಷ್ಟೇ ಇರುತ್ತದೆ, ಅದನ್ನು ಹೊರಹಾಕುವ ಮೂತ್ರಪಿಂಡದ ಕೆಲಸ ಬದಲಾಗಿರುತ್ತದೆ.

ಉಪ್ಪಿನ ಬದಲು ಲಿಥಿಯಂ: 1949ರ ಪಾಠ

ಲಿಥಿಯಂನ ಆಧುನಿಕ ಇತಿಹಾಸದಲ್ಲಿ 1949 ಎರಡು ಕಾರಣಗಳಿಗೆ ನೆನಪಿಡಬೇಕಾದ ವರ್ಷ. ಆ ವರ್ಷ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್, ಉನ್ಮಾದದಿಂದ ಬಳಲುತ್ತಿದ್ದ ಹತ್ತು ರೋಗಿಗಳಿಗೆ ಲಿಥಿಯಂ ಕೊಟ್ಟು, ಅವರಲ್ಲಿ ಕಂಡ ಗಮನಾರ್ಹ ಸುಧಾರಣೆಯನ್ನು ಪ್ರಕಟಿಸಿದರು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದಿದ್ದ ಅವರ ಮೊದಲ ರೋಗಿ ಚೇತರಿಸಿಕೊಂಡು ಮನೆಗೆ ಹೋದರು. ಆದರೆ ಮರುವರ್ಷ ಅದೇ ರೋಗಿ ಲಿಥಿಯಂ ವಿಷಬಾಧೆಯಿಂದಲೇ ತೀರಿಕೊಂಡರು. ರಕ್ತದಲ್ಲಿನ ಲಿಥಿಯಂ ಅಳೆದು ಔಷಧಿ ಕೊಡುವ ಪದ್ಧತಿ ಆಗಿನ್ನೂ ಇರಲಿಲ್ಲ.

ಅದೇ 1949ರಲ್ಲಿ ಅಮೆರಿಕದಲ್ಲಿ ಇನ್ನೊಂದು ದುರಂತ ನಡೆಯಿತು. ಹೃದ್ರೋಗ ಮತ್ತು ರಕ್ತದೊತ್ತಡದ ಕಾರಣ ಅಡುಗೆ ಉಪ್ಪನ್ನು ಬಿಡಬೇಕಾಗಿದ್ದವರಿಗೆ, ರುಚಿಯಲ್ಲಿ ಅದಕ್ಕೆ ಹತ್ತಿರವಾದ ಲಿಥಿಯಂ ಕ್ಲೋರೈಡ್ ಅನ್ನು ಬದಲಿ ಉಪ್ಪು ಎಂದು ಮಾರಲಾಯಿತು. ಜನ ಅದನ್ನು ಊಟದ ಮೇಲೆ ಉದುರಿಸಿಕೊಂಡರು. ಹಲವರು ವಿಷಬಾಧೆಗೆ ಒಳಗಾದರು, ಕೆಲವರು ಸತ್ತರು, ಸರಕಾರ ಅದನ್ನು ಮಾರುಕಟ್ಟೆಯಿಂದ ತೆಗೆಸಿತು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಉನ್ಮಾದದ ಚಿಕಿತ್ಸೆಗೆ ಲಿಥಿಯಂ ಅನ್ನು ಒಪ್ಪಿದ್ದು 1970ರಲ್ಲಿ, ಅಂದರೆ ಎರಡು ದಶಕಗಳ ನಂತರ. ಈ ನಡುವೆ ಡೆನ್ಮಾರ್ಕ್‌ನ ಮೊಗೆನ್ಸ್ ಷೋ ಮತ್ತು ಅವರ ಸಹೋದ್ಯೋಗಿಗಳು ಲಿಥಿಯಂನ ಗುಣವನ್ನು ಕ್ರಮಬದ್ಧ ಪ್ರಯೋಗಗಳಿಂದ ತೋರಿಸಿದರು, ರಕ್ತದಲ್ಲಿ ಅದರ ಮಟ್ಟ ಅಳೆಯುವ ಪದ್ಧತಿಯೂ ಚಿಕಿತ್ಸೆಯ ಭಾಗವಾಗಿ ನೆಲೆಗೊಂಡಿತು.

ಬದಲಿ ಉಪ್ಪಿನ ದುರಂತವನ್ನು ಇಲ್ಲಿ ವಿಸ್ತರಿಸಿ ಹೇಳಲು ಕಾರಣವಿದೆ. ಉಪ್ಪು ಬಿಟ್ಟಿದ್ದವರಿಗೇ ಲಿಥಿಯಂ ಕೊಟ್ಟದ್ದು ಅದರ ಅತ್ಯಂತ ಅಪಾಯಕಾರಿ ಅಂಶವಾಗಿತ್ತು. ಇಂದಿನ ಹೆಚ್ಚಿನ ವಿಷಬಾಧೆಗಳ ಹಿಂದಿರುವುದೂ ಅದೇ ಕಾರ್ಯಕಾರಣ.

ಮೂತ್ರಪಿಂಡ ಲಿಥಿಯಂ ಅನ್ನು ಸೋಡಿಯಂ ಎಂದೇ ಎಣಿಸುತ್ತದೆ

ಲಿಥಿಯಂ ದೇಹದಲ್ಲಿ ಒಡೆಯುವುದಿಲ್ಲ. ಯಕೃತ್ತಿಗೆ ಅದರ ಮೇಲೆ ಯಾವ ಕೆಲಸವೂ ಇಲ್ಲ, ಒಳಗೆ ಹೋದದ್ದು ಹೆಚ್ಚುಕಡಿಮೆ ಪೂರ್ತಿಯಾಗಿ ಮೂತ್ರದಲ್ಲೇ ಹೊರಬರಬೇಕು. ಮೂತ್ರಪಿಂಡದ ಸೋಸು ಜಾಲರಿಯಲ್ಲಿ ಅದು ಸರಾಗವಾಗಿ ಸೋಸಿಹೋಗುತ್ತದೆ. ಆದರೆ ಸೋಸಿದ ದ್ರವ ಮುಂದಿನ ಸಣ್ಣ ನಾಳಗಳಲ್ಲಿ ಹರಿಯುವಾಗ, ದೇಹಕ್ಕೆ ಬೇಕಾದ, ಉಪ್ಪಿನಿಂದ ಬರುವ ಸೋಡಿಯಂ ಮತ್ತು ನೀರನ್ನು ಮೂತ್ರಪಿಂಡ ವಾಪಸು ಹೀರಿಕೊಳ್ಳುತ್ತದೆ. ಲಿಥಿಯಂ ಮತ್ತು ಸೋಡಿಯಂ ರಾಸಾಯನಿಕವಾಗಿ ಒಂದೇ ಕುಟುಂಬದವು. ನಾಳದ ಆರಂಭದ ಭಾಗಕ್ಕೆ ಇವೆರಡರ ವ್ಯತ್ಯಾಸ ತಿಳಿಯದ ಕಾರಣ, ಸೋಡಿಯಂ ಜೊತೆಗೆ ಲಿಥಿಯಂ ಕೂಡ ರಕ್ತಕ್ಕೆ ಮರಳುತ್ತದೆ. ಹೀಗೆ ಸೋಸಿಹೋದ ಲಿಥಿಯಂನಲ್ಲಿ ಸುಮಾರು ಮುಕ್ಕಾಲು ಭಾಗ ಹಿಂತಿರುಗಿ, ಕಾಲು ಭಾಗ ಮಾತ್ರ ಹೊರಹೋಗುತ್ತದೆ.

ದೇಹದಲ್ಲಿ ಉಪ್ಪು ಅಥವಾ ನೀರು ಕಡಿಮೆಯಾದಾಗ ಮೂತ್ರಪಿಂಡ ಸೋಡಿಯಂ ಅನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿಡುತ್ತದೆ. ಬೇಸಿಗೆಯ ಬೆವರು, ವಾಂತಿಭೇದಿ, ದೀರ್ಘ ಉಪವಾಸ, ದಿಢೀರನೆ ಶುರುಮಾಡಿದ ಉಪ್ಪಿಲ್ಲದ ಪಥ್ಯ ಇವುಗಳಲ್ಲಿ ಯಾವುದರಿಂದಲಾದರೂ ಹೀಗಾಗಬಹುದು. ಆ ಬಿಗಿಹಿಡಿತದಲ್ಲಿ ಲಿಥಿಯಂ ಕೂಡ ಸಿಕ್ಕಿಬೀಳುತ್ತದೆ. ಕೆರೆಗೆ ಬರುವ ನೀರು ಎಂದಿನಷ್ಟೇ ಇದ್ದು, ತೂಬನ್ನು ಅರ್ಧ ಮುಚ್ಚಿದರೆ ಮಟ್ಟ ಏರುವಂತೆ, ಮಾತ್ರೆಯ ಸಂಖ್ಯೆ ಬದಲಾಗದೆಯೇ ರಕ್ತದಲ್ಲಿ ಲಿಥಿಯಂ ಏರುತ್ತದೆ.

ಏರಿದರೆ ಎಷ್ಟು ಜಾಗವಿದೆ ಎಂಬುದು ಮುಂದಿನ ಪ್ರಶ್ನೆ. ಬೈಪೋಲಾರ್ ಕಾಯಿಲೆ ಮರುಕಳಿಸದಂತೆ ತಡೆಯಲು ಪ್ರತಿ ಲೀಟರ್ ರಕ್ತದ್ರವದಲ್ಲಿ ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೋಲ್ ಲಿಥಿಯಂ ಇರುವಂತೆ ನೋಡಿಕೊಳ್ಳುತ್ತಾರೆ. ತೀವ್ರ ಉನ್ಮಾದದ ಹಂತದಲ್ಲಿ ಇದು 1.0 ದಾಟುವುದುಂಟು, ವಯಸ್ಸಾದವರಲ್ಲಿ 0.6ಕ್ಕಿಂತ ಕೆಳಗಿಡುವುದೂ ಉಂಟು. (ನಮ್ಮ ಪ್ರಯೋಗಾಲಯದ ವರದಿಗಳಲ್ಲಿ ಮಿಲಿಈಕ್ವಿವಲೆಂಟ್ ಎಂಬ ಅಳತೆ ಇರಬಹುದು. ಲಿಥಿಯಂ ಮಟ್ಟಿಗೆ ಎರಡೂ ಒಂದೇ.) 1.5 ದಾಟಿದರೆ ವಿಷಲಕ್ಷಣಗಳು ಕಾಣಿಸಿಕೊಳ್ಳುವುದು ಸಾಮಾನ್ಯ, 2.5 ದಾಟಿದರೆ ಪ್ರಾಣಾಪಾಯದ ಸಾಧ್ಯತೆ ಇದೆ. ಹೀಗಾಗಿ ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಇರುವುದು ಎರಡು ಪಟ್ಟಿನಷ್ಟು ಅಂತರ ಮಾತ್ರ. ವೈದ್ಯರು ‘ಸುರಕ್ಷತೆಯ ಅಂಚು ಕಿರಿದು’ ಎನ್ನುವುದು ಇದನ್ನೇ.

ಮಟ್ಟ ಏರಿಸುವ ಔಷಧಿಗಳು

ಲಿಥಿಯಂ ಜೊತೆ ತೊಡಕು ಮಾಡುವ ಔಷಧಿಗಳ ಪಟ್ಟಿ ಉದ್ದವಾಗಿದೆ. ಆದರೆ ದಿನನಿತ್ಯದ ಬದುಕಿನಲ್ಲಿ ಎದುರಾಗುವವು ಮುಖ್ಯವಾಗಿ ಮೂರು ಬಗೆಯವು, ಮೂರೂ ಮೂತ್ರಪಿಂಡದ ಮೂಲಕವೇ ಕೆಲಸ ಮಾಡುತ್ತವೆ.

ಮೊದಲನೆಯದು ರಕ್ತದೊತ್ತಡಕ್ಕೆ ಕೊಡುವ ಥಯಾಝೈಡ್ ಗುಂಪಿನ ಮೂತ್ರವರ್ಧಕಗಳು. ಹೈಡ್ರೋಕ್ಲೋರೋಥಯಾಝೈಡ್ ಮತ್ತು ಕ್ಲೋರ್‌ಥಾಲಿಡೋನ್ ಇವುಗಳಲ್ಲಿ ಹೆಚ್ಚು ಬಳಕೆಯವು. ಮೂತ್ರ ಹೆಚ್ಚಾದರೆ ಲಿಥಿಯಂ ಕೂಡ ಹೆಚ್ಚು ಹೊರಹೋಗಬೇಕಲ್ಲವೇ ಎಂದು ಅನಿಸಬಹುದು, ಆದರೆ ಆಗುವುದು ಅದಕ್ಕೆ ತದ್ವಿರುದ್ಧ. ಈ ಔಷಧಿಗಳು ನಾಳದ ಕೊನೆಯ ಭಾಗದಲ್ಲಿ ಸೋಡಿಯಂ ಹೊರಹೋಗುವಂತೆ ಮಾಡುತ್ತವೆ. ಸೋಡಿಯಂ ಕಳೆದುಕೊಂಡ ದೇಹ ನಾಳದ ಆರಂಭದ ಭಾಗದಲ್ಲಿ ಅದನ್ನು ಹೆಚ್ಚು ಹೀರಿ ನಷ್ಟ ತುಂಬಿಕೊಳ್ಳಲು ನೋಡುತ್ತದೆ. ಲಿಥಿಯಂ ಮರಳಿ ಹೀರಲ್ಪಡುವುದು ಮುಖ್ಯವಾಗಿ ಆ ಆರಂಭದ ಭಾಗದಲ್ಲೇ ಆದ್ದರಿಂದ ಅದರ ಮಟ್ಟ ಶೇ 25ರಿಂದ 40ರಷ್ಟು ಏರಬಹುದು.

ಎರಡನೆಯದು ಎನಾಲಾಪ್ರಿಲ್, ರಾಮಿಪ್ರಿಲ್‌ನಂತಹ ‘ಪ್ರಿಲ್’ಗಳು ಹಾಗೂ ಟೆಲ್ಮಿಸಾರ್ಟನ್, ಲೊಸಾರ್ಟನ್‌ನಂತಹ ‘ಸಾರ್ಟನ್’ಗಳು. ಇವು ಸೋಸು ಜಾಲರಿಯೊಳಗಿನ ಒತ್ತಡವನ್ನು ಇಳಿಸುವುದರಿಂದ ಸೋಸುವ ಪ್ರಮಾಣವೇ ಕಡಿಮೆಯಾಗಬಹುದು. ಏರಿಕೆ ಇಷ್ಟೇ ಎಂದು ಮೊದಲೇ ಹೇಳಲಾಗುವುದಿಲ್ಲ, ಅದು ವಾರಗಳ ನಂತರವೂ ಕಾಣಿಸಿಕೊಳ್ಳಬಹುದು. ಕೆನಡಾದ ಒಂಟಾರಿಯೊದಲ್ಲಿ ಲಿಥಿಯಂ ಬಳಸುತ್ತಿದ್ದ ಹತ್ತು ಸಾವಿರಕ್ಕೂ ಹೆಚ್ಚು ಹಿರಿಯರ ದಾಖಲೆಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ‘ಪ್ರಿಲ್’ ಶುರುಮಾಡಿದ ಮೊದಲ ತಿಂಗಳಲ್ಲಿ ವಿಷಬಾಧೆಯಿಂದ ಆಸ್ಪತ್ರೆ ಸೇರುವ ಸಾಧ್ಯತೆ ಏಳು ಪಟ್ಟಿಗೂ ಹೆಚ್ಚಿತ್ತು ಎಂದು ಕಂಡುಕೊಂಡಿತು. ಫ್ಯೂರೊಸೆಮೈಡ್‌ನಂತಹ ಬಲವಾದ ಮೂತ್ರವರ್ಧಕಗಳನ್ನು ಶುರುಮಾಡಿದಾಗಲೂ ಅದು ಐದು ಪಟ್ಟಿಗಿಂತ ಹೆಚ್ಚಿತ್ತು. ಥಯಾಝೈಡ್‌ಗಿಂತ ಫ್ಯೂರೊಸೆಮೈಡ್ ಸುರಕ್ಷಿತ ಎಂದು ಪುಸ್ತಕಗಳಲ್ಲಿ ಓದಿ ನಿಶ್ಚಿಂತರಾಗಿರುವ ವೈದ್ಯರು ಈ ಅಂಕಿಯನ್ನು ಗಮನದಲ್ಲಿಡುವುದು ಒಳ್ಳೆಯದು.

ಮೂರನೆಯದು ನೋವಿನ ಮಾತ್ರೆಗಳು. ಐಬುಪ್ರೊಫೆನ್, ಡೈಕ್ಲೋಫಿನಾಕ್, ಅಸೆಕ್ಲೋಫಿನಾಕ್, ನ್ಯಾಪ್ರೊಕ್ಸೆನ್, ಎಟೊರಿಕಾಕ್ಸಿಬ್ ಇವೆಲ್ಲ ಮೂತ್ರಪಿಂಡದ ರಕ್ತನಾಳಗಳನ್ನು ತೆರೆದಿಡುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವನ್ನು ತಗ್ಗಿಸಿ ಲಿಥಿಯಂ ಹೊರಹೋಗುವುದಕ್ಕೆ ಅಡ್ಡಿಯಾಗುತ್ತವೆ. ನನ್ನ ದೃಷ್ಟಿಯಲ್ಲಿ ನಮ್ಮ ನಾಡಿನಲ್ಲಿ ಹೆಚ್ಚು ಕಳವಳಪಡಬೇಕಾದದ್ದು ಈ ಮೂರನೆಯ ಗುಂಪಿನ ಬಗ್ಗೆ. ಬಿ.ಪಿ. ಮಾತ್ರೆಗಾದರೂ ಒಬ್ಬ ವೈದ್ಯರ ಚೀಟಿ ಇರುತ್ತದೆ. ಮಂಡಿನೋವಿಗೆ, ಹಲ್ಲುನೋವಿಗೆ, ಚಿಕುನ್‌ಗುನ್ಯಾ ಬಂದುಹೋದ ಮೇಲಿನ ಕೀಲುನೋವಿಗೆ ಜನ ಮೆಡಿಕಲ್ ಶಾಪ್‌ನಲ್ಲಿ ‘ನೋವಿಗೆ ಒಂದು ಮಾತ್ರೆ ಕೊಡಿ’ ಎಂದಷ್ಟೇ ಕೇಳುತ್ತಾರೆ. ಕೈಗೆ ಬರುವುದು ಬಹುತೇಕ ಎರಡು ಮೂರು ಔಷಧಿ ಬೆರೆತ ಮಾತ್ರೆ. ಮಾತ್ರೆಯ ಸ್ಟ್ರಿಪ್ ಮೇಲೆ ಪ್ಯಾರಾಸಿಟಮಾಲ್ ಎಂಬ ಪರಿಚಿತ ಹೆಸರು ಕಂಡು ನಿರಾಳರಾಗುವವರು ಅದರ ಪಕ್ಕದಲ್ಲಿರುವ ಅಸೆಕ್ಲೋಫಿನಾಕ್ ಅನ್ನು ಗಮನಿಸಿರುವುದಿಲ್ಲ. ಪ್ಯಾರಾಸಿಟಮಾಲ್ ಒಂದೇ ಇರುವ ಮಾತ್ರೆ ಲಿಥಿಯಂ ಮಟ್ಟವನ್ನು ಏರಿಸುವುದಿಲ್ಲ. ಹೃದಯಕ್ಕೆಂದು ಕೊಡುವ ಕಡಿಮೆ ಪ್ರಮಾಣದ ಆಸ್ಪಿರಿನ್‌ನಿಂದಲೂ ಹೇಳಿಕೊಳ್ಳುವ ತೊಂದರೆಯಿಲ್ಲ. ಮೈಗೆ ಹಚ್ಚುವ ಮುಲಾಮು ರಕ್ತಕ್ಕೆ ಸೇರುವುದು ಬಹಳ ಕಡಿಮೆ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ಕಾಫಿ ಲಿಥಿಯಂ ಅನ್ನು ಸ್ವಲ್ಪ ಹೆಚ್ಚು ಹೊರಹಾಕಿಸುತ್ತದೆ. ದಿನಕ್ಕೆ ನಾಲ್ಕೈದು ಲೋಟ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ಮಟ್ಟ ಏರಬಹುದು. ಆದ್ದರಿಂದ ಕಾಫಿ ಬಿಡುವುದನ್ನೂ ವೈದ್ಯರಿಗೆ ತಿಳಿಸುವುದು ಸರಿ.

ಒಂದು ಉದಾಹರಣೆ, ಲೆಕ್ಕದೊಂದಿಗೆ

ಈ ಕಾರಣಗಳು ಒಂದರ ಮೇಲೊಂದು ಕೂಡಿಕೊಂಡಾಗ ಏನಾಗುತ್ತದೆ ಎಂಬುದನ್ನು ಕಲ್ಪಿತ ಪ್ರಸಂಗವೊಂದರಿಂದ ನೋಡೋಣ. 58 ವರ್ಷದ ಗೃಹಿಣಿಯೊಬ್ಬರು ಹನ್ನೆರಡು ವರ್ಷಗಳಿಂದ ದಿನಕ್ಕೆ 900 ಮಿಲಿಗ್ರಾಂ ಲಿಥಿಯಂ ಕಾರ್ಬೊನೇಟ್ ತೆಗೆದುಕೊಳ್ಳುತ್ತಿದ್ದಾರೆ, ಕಾಯಿಲೆ ಹತೋಟಿಯಲ್ಲಿದೆ. ಮೂರು ಮಾತ್ರೆಗಳಲ್ಲಿ ಒಟ್ಟು ಸುಮಾರು 24 ಮಿಲಿಮೋಲ್ ಲಿಥಿಯಂ ದಿನವೂ ಒಳಗೆ ಹೋಗುತ್ತದೆ. ಅವರ ಮೂತ್ರಪಿಂಡ ನಿಮಿಷಕ್ಕೆ 20 ಮಿಲಿಲೀಟರ್ ರಕ್ತದ್ರವದಿಂದ ಲಿಥಿಯಂ ಅನ್ನು ತೆಗೆಯಬಲ್ಲದು ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 29 ಲೀಟರ್ ಆಯಿತು. ಒಳಬಂದದ್ದಷ್ಟೇ ಹೊರಹೋಗಬೇಕಾದರೆ ಮಟ್ಟ 24ನ್ನು 29ರಿಂದ ಭಾಗಿಸಿದಷ್ಟು, ಅಂದರೆ 0.8ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಜನವರಿಯ ರಕ್ತಪರೀಕ್ಷೆಯಲ್ಲಿ ಬಂದದ್ದೂ ಅದೇ.

ಫೆಬ್ರವರಿಯಲ್ಲಿ ರಕ್ತದೊತ್ತಡ ಹೆಚ್ಚಿದೆ ಎಂದು ಬೇರೊಬ್ಬ ವೈದ್ಯರು ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಝೈಡ್ ಬೆರೆತ ಒಂದೇ ಮಾತ್ರೆ ಬರೆಯುತ್ತಾರೆ. ಮಾನಸಿಕ ಕಾಯಿಲೆಯ ಮಾತ್ರೆಯ ವಿಷಯವನ್ನು ಆಕೆ ಸಂಕೋಚದಿಂದ ಹೇಳಿಲ್ಲ, ಅವರೂ ಕೇಳಿಲ್ಲ. ಲಿಥಿಯಂ ಹೊರಹೋಗುವಿಕೆ ಕಾಲು ಭಾಗ ಕುಗ್ಗಿ ದಿನಕ್ಕೆ ಸುಮಾರು 22 ಲೀಟರಿಗೆ ಇಳಿಯುತ್ತದೆ, ಮಟ್ಟ 1.1ಕ್ಕೆ ಬರುತ್ತದೆ. ಕೈ ಸ್ವಲ್ಪ ಹೆಚ್ಚು ನಡುಗುತ್ತದೆ, ಬಾಯಾರಿಕೆ ಹೆಚ್ಚಾಗುತ್ತದೆ, ಮನೆಯವರು ಬೇಸಿಗೆ ಎಂದುಕೊಳ್ಳುತ್ತಾರೆ. ಮಾರ್ಚ್ ಕೊನೆಯಲ್ಲಿ ಮಂಡಿನೋವಿಗೆ ಅಸೆಕ್ಲೋಫಿನಾಕ್ ಇರುವ ಮಾತ್ರೆ ದಿನಕ್ಕೆರಡು ಸೇರುತ್ತದೆ. ಹೊರಹೋಗುವಿಕೆ ಇನ್ನೂ ಕುಗ್ಗಿ 16–17 ಲೀಟರ್ ಆದಾಗ ಮಟ್ಟ 1.4 ದಾಟುತ್ತದೆ. ಈಗ ನಡೆಯುವಾಗ ಕಾಲು ಸ್ವಲ್ಪ ಓಲಾಡುತ್ತದೆ, ಹೊಟ್ಟೆ ತೊಳಸುತ್ತದೆ, ಭೇದಿ ಶುರುವಾಗುತ್ತದೆ.

ಭೇದಿ ಇಲ್ಲಿ ಎರಡು ಪಾತ್ರ ವಹಿಸುತ್ತದೆ. ಅದು ಲಿಥಿಯಂ ಹೆಚ್ಚಾಗಿರುವುದರ ಲಕ್ಷಣ, ಅದೇ ಹೊತ್ತಿಗೆ ಉಪ್ಪುನೀರು ಕಳೆಸಿ ಲಿಥಿಯಂ ಅನ್ನು ಮತ್ತೂ ಏರಿಸುವ ಕಾರಣ. ಮನೆಯಲ್ಲಿ ಅದನ್ನು ಸಾಮಾನ್ಯ ಹೊಟ್ಟೆ ಕೆಟ್ಟದ್ದು ಎಂದು ಭಾವಿಸಿ ಉಪ್ಪಿಲ್ಲದ ಸಪ್ಪೆ ಗಂಜಿ ಕೊಡುತ್ತಾರೆ, ಮೆಟ್ರೊನಿಡಜೋಲ್ ಮಾತ್ರೆ ತರುತ್ತಾರೆ. ಮೆಟ್ರೊನಿಡಜೋಲ್ ಕೂಡ ಲಿಥಿಯಂ ಮಟ್ಟ ಏರಿಸಿದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಆಕೆ ಶಿಸ್ತಿನವರು, ಇಷ್ಟೆಲ್ಲದರ ನಡುವೆಯೂ ಲಿಥಿಯಂ ಅನ್ನು ಒಂದು ದಿನವೂ ತಪ್ಪಿಸುವುದಿಲ್ಲ. ನಾಲ್ಕೈದು ದಿನಗಳಲ್ಲಿ ಮಟ್ಟ 2.0 ಮುಟ್ಟುತ್ತದೆ. ಇಡೀ ಪ್ರಸಂಗದಲ್ಲಿ ಯಾರೂ ಒಂದು ಮಾತ್ರೆ ಹೆಚ್ಚು ಕೊಟ್ಟಿಲ್ಲ, ಹೆಚ್ಚು ನುಂಗಿಯೂ ಇಲ್ಲ.

ನಿಜವಾದ ದೇಹ ಇಷ್ಟು ಚೊಕ್ಕ ಭಾಗಾಕಾರಕ್ಕೆ ಒಗ್ಗುವುದಿಲ್ಲ. ಒಬ್ಬೊಬ್ಬರಲ್ಲಿ ಏರಿಕೆ ಒಂದೊಂದು ಬಗೆ. ಆದರೆ ಏರಿಕೆಯ ದಿಕ್ಕು ಇದೇ.

ಲಕ್ಷಣಗಳನ್ನು ಗುರುತಿಸುವುದು

ಲಿಥಿಯಂ ತೆಗೆದುಕೊಳ್ಳುವ ಹಲವರಿಗೆ ಸರಿಯಾದ ಮಟ್ಟದಲ್ಲೂ ಕೈ ನಡುಗುತ್ತದೆ. ಹಾಗಾಗಿ ‘ನಡುಕ ಬಂದರೆ ವೈದ್ಯರಿಗೆ ಹೇಳಿ’ ಎಂಬ ಸೂಚನೆಯಷ್ಟೇ ಸಾಲದು. ಮಾಮೂಲಿ ನಡುಕ ಸಣ್ಣದು, ವೇಗದ್ದು. ಕೈ ಚಾಚಿದಾಗ ಬೆರಳ ತುದಿಗಳು ಕಂಪಿಸುತ್ತವೆ, ಸಹಿ ಸ್ವಲ್ಪ ಅಂಕುಡೊಂಕಾಗುತ್ತದೆ, ಆದರೆ ಕಾಫಿ ಲೋಟ ತುಟಿಗೆ ಮುಟ್ಟುತ್ತದೆ. ವಿಷಬಾಧೆಯ ನಡುಕ ದೊಡ್ಡದು, ಒರಟಾದದ್ದು. ಲೋಟ ಹಿಡಿದರೆ ಕಾಫಿ ತುಳುಕಿ ಚೆಲ್ಲುತ್ತದೆ, ಅಂಗಿಯ ಗುಂಡಿ ಹಾಕಲಾಗುವುದಿಲ್ಲ, ತುತ್ತು ಬಾಯಿಯ ಬದಲು ಕೆನ್ನೆಗೆ ತಾಗುತ್ತದೆ.

ಇದರ ಜೊತೆಗೆ ನೋಡಬೇಕಾದವು ನಡಿಗೆ, ಮಾತು ಮತ್ತು ಮಂಕು. ಕಾಲಗಲಿಸಿ ತೂರಾಡುತ್ತ ನಡೆಯುವುದು, ನಾಲಿಗೆ ದಪ್ಪವಾದಂತೆ ಮಾತು ತೊದಲುವುದು, ಕೇಳಿದ್ದಕ್ಕೆ ತಡವಾಗಿ ಉತ್ತರಿಸುವುದು, ಹಗಲಲ್ಲೂ ತೂಕಡಿಸುವುದು, ಮೈಯ ಸ್ನಾಯುಗಳು ಅಲ್ಲಲ್ಲಿ ಪಟಪಟನೆ ಅದುರುವುದು ಮಧ್ಯಮ ಹಂತದ ಚಿಹ್ನೆಗಳು. ಮುಂದುವರಿದರೆ ದಿನ, ಸ್ಥಳ ತಿಳಿಯದ ಗೊಂದಲ, ಫಿಟ್ಸ್, ಹೃದಯ ಬಡಿತದ ಏರುಪೇರು, ಎಚ್ಚರತಪ್ಪುವಿಕೆ ಬರುತ್ತವೆ. ಇದನ್ನು ಮನೆಯವರು ಖಿನ್ನತೆ ಮರಳಿತೆಂದೋ, ಪಾರ್ಶ್ವವಾಯುವೆಂದೋ, ವಯಸ್ಸಿನ ಮರೆವೆಂದೋ ತಪ್ಪಾಗಿ ತಿಳಿಯುವ ಸಾಧ್ಯತೆ ಬಹಳ. ತುರ್ತು ವಿಭಾಗದಲ್ಲಿ ‘ಇವರು ಲಿಥಿಯಂ ತೆಗೆದುಕೊಳ್ಳುತ್ತಾರೆ’ ಎಂಬ ಒಂದು ವಾಕ್ಯ ಹೇಳಿದರೆ ಗಂಟೆಗಟ್ಟಲೆ ಸಮಯ ಉಳಿಯುತ್ತದೆ.

ಮಟ್ಟ ಮತ್ತು ಲಕ್ಷಣಗಳು ಯಾವಾಗಲೂ ಹೊಂದಿಕೆಯಾಗುವುದಿಲ್ಲ ಎಂಬುದು ವೈದ್ಯರನ್ನೂ ದಾರಿ ತಪ್ಪಿಸುವ ಸಂಗತಿ. ಲಿಥಿಯಂ ರಕ್ತದಿಂದ ಮೆದುಳಿಗೆ ನಿಧಾನವಾಗಿ ಹೋಗುತ್ತದೆ, ಹೊರಬರುವುದೂ ನಿಧಾನ. ಒಮ್ಮೆಲೇ ಬಹಳ ಮಾತ್ರೆ ನುಂಗಿದವರಲ್ಲಿ ರಕ್ತದ ಮಟ್ಟ 4.0 ಇದ್ದರೂ ಮೊದಲ ಕೆಲವು ಗಂಟೆ ವಾಂತಿಯಷ್ಟೇ ಇದ್ದು ಅವರು ಸರಿಯಾಗಿ ಮಾತನಾಡುತ್ತಿರಬಹುದು. ನಮ್ಮ ಉದಾಹರಣೆಯ ಗೃಹಿಣಿಯಲ್ಲಿ ಎರಡು ತಿಂಗಳ ಏರಿಕೆಯಿಂದ ಮೆದುಳು ತುಂಬಿಕೊಂಡಿರುವುದರಿಂದ 2.0 ಮಟ್ಟದಲ್ಲೇ ಆಕೆ ಅರೆಪ್ರಜ್ಞೆಯಲ್ಲಿರಬಹುದು. ವಯಸ್ಸಾದವರಲ್ಲಿ ವರದಿ ‘ನಾರ್ಮಲ್’ ಎಂದು ತೋರಿಸುವಾಗಲೂ ವಿಷಬಾಧೆ ಇರಬಲ್ಲದು. ವರದಿಯ ಅಂಕಿ ನೋಡಿ ರೋಗಿಯನ್ನು ಮನೆಗೆ ಕಳಿಸುವುದು ಅಂಥ ಸಂದರ್ಭದಲ್ಲಿ ದೊಡ್ಡ ತಪ್ಪಾಗುತ್ತದೆ, ಏಕೆಂದರೆ ಕೆಲವರಲ್ಲಿ ಮಟ್ಟ ಇಳಿದ ಮೇಲೂ ತೂರಾಟ ಮತ್ತು ತೊದಲು ಶಾಶ್ವತವಾಗಿ ಉಳಿದುಬಿಡುತ್ತವೆ.

ರಕ್ತಪರೀಕ್ಷೆಯೇ ತಪ್ಪು ಹೇಳಿದಾಗ

ಲಿಥಿಯಂ ಮಟ್ಟವನ್ನು ಕೊನೆಯ ಮಾತ್ರೆ ತೆಗೆದುಕೊಂಡ 12 ಗಂಟೆಗೆ ಅಳೆಯಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕೊಡಬೇಕು, ಬೆಳಗಿನ ಮಾತ್ರೆ ಇದ್ದರೆ ಅದನ್ನು ರಕ್ತ ಕೊಟ್ಟ ನಂತರ ತೆಗೆದುಕೊಳ್ಳಬೇಕು. ಮೇಲೆ ಹೇಳಿದ 0.6, 0.8 ಎಂಬ ಅಂಕಿಗಳಿಗೆ ಅರ್ಥವಿರುವುದು ಈ 12 ಗಂಟೆಯ ಲೆಕ್ಕದಲ್ಲಿ ಮಾತ್ರ. ಮಾತ್ರೆ ನುಂಗಿ ಎರಡು ಗಂಟೆಗೆ ರಕ್ತ ಕೊಟ್ಟರೆ ಮಟ್ಟ ಸುಳ್ಳೇ ಹೆಚ್ಚು ಕಾಣುತ್ತದೆ, ವೈದ್ಯರು ಬೇಕಿಲ್ಲದೆ ಪ್ರಮಾಣ ಇಳಿಸಬಹುದು. ಪ್ರಮಾಣ ಬದಲಿಸಿದರೆ ಅಥವಾ ಹೊಸ ಔಷಧಿ ಸೇರಿಸಿದರೆ ಸುಮಾರು ಒಂದು ವಾರ ಕಾದು ಅಳೆಯುತ್ತಾರೆ, ಮಟ್ಟ ಹೊಸ ನೆಲೆಗೆ ನಿಲ್ಲಲು ಅಷ್ಟು ಸಮಯ ಬೇಕಾಗುತ್ತದೆ.

ಇನ್ನೊಂದು ಸಣ್ಣ ಆದರೆ ಮುಖ್ಯವಾದ ವಿಷಯ ರಕ್ತ ತೆಗೆಯುವ ನಳಿಕೆಯದು. ಹಸಿರು ಮುಚ್ಚಳದ ಕೆಲವು ನಳಿಕೆಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಲಿಥಿಯಂ ಹೆಪಾರಿನ್ ಹಾಕಿರುತ್ತಾರೆ. ಅದರಲ್ಲಿ ರಕ್ತ ಹಿಡಿದರೆ ನಳಿಕೆಯ ಲಿಥಿಯಂ ಕೂಡ ಎಣಿಕೆಗೆ ಸೇರಿ, ಲಿಥಿಯಂ ಮುಟ್ಟದವರಲ್ಲೂ ಅದು ಇದೆ ಎಂದು ವರದಿ ಬರುತ್ತದೆ. ರೋಗಿ ಚೆನ್ನಾಗಿಯೇ ಇದ್ದು ಮಟ್ಟ ಮಾತ್ರ ವಿಪರೀತ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ಆಯಿತು, ರಕ್ತ ಹಿಡಿದದ್ದು ಯಾವ ನಳಿಕೆಯಲ್ಲಿ.

ಲಿಥಿಯಂ ಜೊತೆಗೆ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್, ಥೈರಾಯ್ಡ್ ಮತ್ತು ಕ್ಯಾಲ್ಸಿಯಂ ಪರೀಕ್ಷೆಗಳನ್ನೂ ಮಾಡಿಸುತ್ತಾರೆ. ದೀರ್ಘಕಾಲದ ಬಳಕೆ ಥೈರಾಯ್ಡನ್ನು ಕುಗ್ಗಿಸಬಹುದು, ಮೂತ್ರಪಿಂಡದ ನೀರು ಹಿಡಿದಿಡುವ ಶಕ್ತಿಯನ್ನು ಕಡಿಮೆ ಮಾಡಬಹುದು. ಅತಿಯಾದ ಬಾಯಾರಿಕೆ ಮತ್ತು ಮೂತ್ರ ಇರುವವರಿಗೆ ನೀರು ಕುಡಿಯಲು ತಡೆಯಾದರೆ ನಿರ್ಜಲೀಕರಣ ಬೇಗ ಆಗುತ್ತದೆ, ಅದರ ಪರಿಣಾಮವಾಗಿ ಲಿಥಿಯಂ ಏರುತ್ತದೆ. ಶಸ್ತ್ರಚಿಕಿತ್ಸೆಗೆಂದು ನೀರು ಕೂಡ ಕೊಡದೆ ಕಾಯಿಸುವ ಗಂಟೆಗಳಲ್ಲಿ ಇದನ್ನು ನೆನಪಿಡಬೇಕು.

ಇಷ್ಟೆಲ್ಲ ತೊಡಕಿದ್ದರೆ ಬಿಟ್ಟುಬಿಡಬಾರದೇ?

ಇಲ್ಲಿ ವೈದ್ಯರಲ್ಲೇ ಎರಡು ಅಭಿಪ್ರಾಯಗಳಿವೆ. ನಿಯಮಿತ ರಕ್ತಪರೀಕ್ಷೆ ಸಾಧ್ಯವಿಲ್ಲದ ಊರುಗಳಲ್ಲಿ, ಹಲವು ಕಾಯಿಲೆಗಳ ಮಾತ್ರೆ ನುಂಗುವ ಹಿರಿಯರಲ್ಲಿ ವಾಲ್ಪ್ರೊಯೇಟ್ ಅಥವಾ ಕ್ವೆಟಿಯಾಪಿನ್‌ನಂತಹ ಔಷಧಿಗಳೇ ಮೇಲು ಎನ್ನುವವರಿದ್ದಾರೆ. ಲಿಥಿಯಂ ಅಳೆಯುವ ಪ್ರಯೋಗಾಲಯ ತಾಲ್ಲೂಕು ಮಟ್ಟದಲ್ಲಿ ಸುಲಭವಾಗಿ ಸಿಗದ ಕಡೆ ಈ ವಾದಕ್ಕೆ ಬಲವಿದೆ.

ಇನ್ನೊಂದು ಕಡೆಯವರು ಹೇಳುವುದು ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲಿ ಲಿಥಿಯಂಗೆ ಸರಿಸಾಟಿ ಕಡಿಮೆ ಎಂದು. 2010ರಲ್ಲಿ ಪ್ರಕಟವಾದ ‘ಬ್ಯಾಲೆನ್ಸ್’ ಪ್ರಯೋಗದಲ್ಲಿ ಲಿಥಿಯಂ ಪಡೆದವರಲ್ಲಿ ಕಾಯಿಲೆ ಮರಳಿದ್ದು ವಾಲ್ಪ್ರೊಯೇಟ್ ಪಡೆದವರಿಗಿಂತ ಕಡಿಮೆ. ವಾಲ್ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ತೀವ್ರ ಹಾನಿ ಮಾಡಬಲ್ಲದಾದ್ದರಿಂದ ಹೆರಿಗೆ ವಯಸ್ಸಿನ ಹೆಣ್ಣುಮಕ್ಕಳಿಗೆ ಅದು ಸುಲಭದ ಬದಲಿಯಲ್ಲ. ಆತ್ಮಹತ್ಯೆ ತಡೆಯುವ ವಿಷಯದಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ಲಿಥಿಯಂ ಪರವಾಗಿವೆ. ಆದರೆ ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ, ಅವರಿಗೆ ಸಿಗುತ್ತಿದ್ದ ಚಿಕಿತ್ಸೆಗೆ ಲಿಥಿಯಂ ಸೇರಿಸಿದ್ದರಿಂದ ಅಂಥ ಲಾಭ ಕಾಣಲಿಲ್ಲ. ಚರ್ಚೆ ಮುಗಿದಿಲ್ಲ ಎಂದು ಒಪ್ಪಿಕೊಂಡೂ, ಲಿಥಿಯಂನಿಂದ ವರ್ಷಗಟ್ಟಲೆ ನೆಮ್ಮದಿಯಾಗಿರುವವರನ್ನು ವಿಷಬಾಧೆಯ ಹೆದರಿಕೆಯಿಂದ ಅದರಿಂದ ಬಿಡಿಸುವುದು ತಪ್ಪು ಎಂದೇ ನಾನು ಭಾವಿಸುತ್ತೇನೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದವರಲ್ಲಿ ಉನ್ಮಾದ ಬೇಗ ಮರುಕಳಿಸುತ್ತದೆ ಎಂಬುದು ಚೆನ್ನಾಗಿ ತಿಳಿದಿರುವ ಸಂಗತಿ.

ಓರೊಟೇಟ್ ಸುದ್ದಿಯಿಂದ ಆಗಬಹುದಾದ ಹಾನಿಯೂ ಇಲ್ಲೇ ಇದೆ. ‘ನೈಸರ್ಗಿಕ’ ಲಿಥಿಯಂ ಸಿಗುತ್ತದೆಂದು ಯಾರಾದರೂ ಕಾರ್ಬೊನೇಟ್ ಬಿಟ್ಟು ಪೂರಕಕ್ಕೆ ಬದಲಾಯಿಸಿಕೊಂಡರೆ, ದಿನಕ್ಕೆ 169 ಮಿಲಿಗ್ರಾಂ ಲಿಥಿಯಂ ಸಿಗುತ್ತಿದ್ದ ದೇಹಕ್ಕೆ 5 ಮಿಲಿಗ್ರಾಂ ಸಿಗುತ್ತದೆ. ಬೈಪೋಲಾರ್ ಕಾಯಿಲೆಯ ಮಟ್ಟಿಗೆ ಅದು ಔಷಧಿಯನ್ನು ಹಠಾತ್ತಾಗಿ ನಿಲ್ಲಿಸಿದಂತೆಯೇ ಸರಿ.

ವಿಷಬಾಧೆಯ ಚಿಕಿತ್ಸೆ ಮತ್ತು ಆಮೇಲೆ

ಲಿಥಿಯಂಗೆ ಪ್ರತಿವಿಷವಿಲ್ಲ. ಬೇರೆ ವಿಷಗಳಿಗೆ ಕುಡಿಸುವ ಇದ್ದಿಲ ಪುಡಿ ಲಿಥಿಯಂ ಅನ್ನು ಹೀರಿಕೊಳ್ಳುವುದಿಲ್ಲ. ಶಂಕೆ ಬಂದ ಕೂಡಲೇ ಮುಂದಿನ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗುವುದೊಂದೇ ಮನೆಯವರು ಮಾಡಬಹುದಾದ ಕೆಲಸ, ಜೊತೆಗೆ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಯ್ಯಬೇಕು. ಅಲ್ಲಿ ಸಲೈನ್ ಹನಿಸಿ ಕಳೆದುಹೋದ ಉಪ್ಪುನೀರನ್ನು ತುಂಬುತ್ತಾರೆ. ಸೋಡಿಯಂ ಸಾಕೆನಿಸಿದಾಗ ಮೂತ್ರಪಿಂಡ ಬಿಗಿಹಿಡಿತ ಸಡಿಲಿಸಿ ಲಿಥಿಯಂ ಅನ್ನೂ ಹೊರಬಿಡುತ್ತದೆ. ಫಿಟ್ಸ್, ಪ್ರಜ್ಞೆ ಕುಗ್ಗುವುದು ಅಥವಾ ಪ್ರಾಣಕ್ಕೆ ಕುತ್ತಾಗುವ ಹೃದಯ ಬಡಿತದ ತೊಂದರೆ ಇದ್ದರೆ ಮಟ್ಟ ಎಷ್ಟೇ ಇರಲಿ ಡಯಾಲಿಸಿಸ್ ಮಾಡಬೇಕೆಂದು ಅಂತರರಾಷ್ಟ್ರೀಯ ತಜ್ಞರ ಗುಂಪು 2015ರಲ್ಲಿ ಶಿಫಾರಸು ಮಾಡಿದೆ. ಮೂತ್ರಪಿಂಡ ದುರ್ಬಲವಾಗಿದ್ದು ಮಟ್ಟ 4.0 ದಾಟಿದವರಿಗೂ ಅದೇ ಸಲಹೆ. ಡಯಾಲಿಸಿಸ್ ನಿಲ್ಲಿಸಿದ ಕೆಲವು ಗಂಟೆಗಳಲ್ಲಿ ಅಂಗಾಂಶಗಳಲ್ಲಿದ್ದ ಲಿಥಿಯಂ ರಕ್ತಕ್ಕೆ ಮರಳಿ ಮಟ್ಟ ಮತ್ತೆ ಏರುವುದರಿಂದ, ಒಮ್ಮೆ ಇಳಿದದ್ದನ್ನು ನಂಬದೆ ಪುನಃ ಪುನಃ ಅಳೆಯುತ್ತಾರೆ.

ನಮ್ಮ ಉದಾಹರಣೆಯ ಗೃಹಿಣಿ ಚೇತರಿಸಿಕೊಂಡರು ಎಂದಿಟ್ಟುಕೊಳ್ಳೋಣ. ಮೂತ್ರಪಿಂಡ ಮೊದಲಿನ ಸ್ಥಿತಿಗೆ ಬಂದಿದ್ದರೆ, ಮನೋವೈದ್ಯರು ಮತ್ತು ಬಿ.ಪಿ. ನೋಡುವ ವೈದ್ಯರು ಪರಸ್ಪರ ಮಾತನಾಡಿ ಬೆರಕೆ ಮಾತ್ರೆಯ ಬದಲು ಆಮ್ಲೋಡಿಪಿನ್ ಕೊಡಬಹುದು, ಅದು ಲಿಥಿಯಂ ಹೊರಹೋಗುವುದಕ್ಕೆ ಅಡ್ಡಿಪಡಿಸುವುದಿಲ್ಲ. ಮಂಡಿನೋವಿಗೆ ಪ್ಯಾರಾಸಿಟಮಾಲ್ ಮಾತ್ರ ಇರುವ ಮಾತ್ರೆ ಮತ್ತು ಮುಲಾಮು ಸಾಕಾಗಬಹುದು. ಲಿಥಿಯಂ ಅನ್ನು 900ಕ್ಕೆ ಬದಲು 600 ಮಿಲಿಗ್ರಾಂನಿಂದ ಮತ್ತೆ ಶುರುಮಾಡಿದರೆ, ಅದೇ ಲೆಕ್ಕದಲ್ಲಿ 16 ಮಿಲಿಮೋಲ್ ಅನ್ನು 29 ಲೀಟರಿನಿಂದ ಭಾಗಿಸಿ ಮಟ್ಟ 0.55ರ ಹತ್ತಿರ ನಿಲ್ಲಬೇಕು. ಏಳನೆಯ ದಿನ, ರಾತ್ರಿಯ ಮಾತ್ರೆಯಾಗಿ ಸರಿಯಾಗಿ 12 ಗಂಟೆಗೆ ರಕ್ತ ಕೊಟ್ಟಾಗ ಅದು ನಿಜವಾಗಿ ಎಷ್ಟಿದೆ ಎಂಬುದು ತಿಳಿಯುತ್ತದೆ.